ಹಟ್ಟಿ ಸೀಮೆಯ ಒಂದು ಎಕರೆ ಹೊಲ, ಆರ್ಸೆನಿಕ್ ಹೀರುವ ಜರಿಗಿಡ: ಒಂದು ಪ್ರಕರಣ ಅಧ್ಯಯನ

ರಾಯಚೂರು ಜಿಲ್ಲೆಯ ಹಟ್ಟಿಯಿಂದ ಮಸ್ಕಿವರೆಗಿನ ಶಿಲಾಪಟ್ಟಿಯಲ್ಲಿ ಜನ ಚಿನ್ನ ಹುಡುಕುತ್ತಿರುವುದು ಇಂದು ನಿನ್ನೆಯಿಂದಲ್ಲ. ಮಸ್ಕಿಯ ಅಶೋಕ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಕೂಡ ಚಿನ್ನದ ಗಣಿ ಎಂಜಿನಿಯರ್ ಒಬ್ಬರಿಂದ. ಇಲ್ಲಿನ ಅದಿರಿನಲ್ಲಿ ಚಿನ್ನದ ಜೊತೆಗೇ ಆರ್ಸೆನೋಪೈರೈಟ್ ಎಂಬ ಖನಿಜವೂ ಇರುತ್ತದೆ. ಅದು ಕಬ್ಬಿಣ, ಆರ್ಸೆನಿಕ್, ಗಂಧಕ ಮೂರೂ ಸೇರಿದ್ದು; ತೂಕದಲ್ಲಿ ಶೇ. 46ರಷ್ಟು ಆರ್ಸೆನಿಕ್ಕೇ. ಬಂಡೆಯೊಳಗೆ ಇದ್ದಷ್ಟು ದಿನ ಅದರಿಂದ ದೊಡ್ಡ ತೊಂದರೆಯಿಲ್ಲ. ಅದಿರನ್ನು ನುಣ್ಣಗೆ ಅರೆದು ಚಿನ್ನ ತೆಗೆದ ಮೇಲೆ ಉಳಿದ ರಾಡಿ, ಅಂದರೆ ಟೇಲಿಂಗ್ಸ್, ಗಾಳಿ ನೀರಿಗೆ ತೆರೆದುಕೊಂಡಾಗ ಆರ್ಸೆನೋಪೈರೈಟ್ ಒಡೆಯುತ್ತದೆ, ಆರ್ಸೆನಿಕ್ ಆರ್ಸೆನೇಟ್ ರೂಪದಲ್ಲಿ ಬಿಡುಗಡೆಯಾಗುತ್ತದೆ.

ಬೇರೆ ಕಡೆಯ ಗಣಿಗಳಲ್ಲಿ ಹೀಗಾದಾಗ ನೀರು ಹುಳಿಯಾಗುತ್ತದೆ, ತುಕ್ಕುಬಣ್ಣಕ್ಕೆ ತಿರುಗುತ್ತದೆ, ನೋಡಿದವರಿಗೆ ಗೊತ್ತಾಗುತ್ತದೆ. ಸುಣ್ಣದಂಶ ಇರುವ ಕಲ್ಲು ಮಣ್ಣಿನಲ್ಲಿ ಆ ಹುಳಿ ಅಲ್ಲಲ್ಲೇ ಸತ್ತುಹೋಗುತ್ತದೆ. ನೀರು ತಿಳಿಯಾಗಿಯೇ ಕಾಣುತ್ತದೆ, ಆದರೆ ಆರ್ಸೆನಿಕ್ ಮಾತ್ರ ಹರಿಯುತ್ತಲೇ ಇರುತ್ತದೆ. ಅಷ್ಟೇ ಅಲ್ಲ, ಪಿಎಚ್ 8 ದಾಟಿದ ಎರೆ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್‌ಗಳು ಆರ್ಸೆನೇಟನ್ನು ಹಿಡಿದಿಟ್ಟುಕೊಳ್ಳುವ ಬಲವೂ ತಗ್ಗುತ್ತದೆ. ಆದ್ದರಿಂದ ಈ ಸೀಮೆಯಲ್ಲಿ ನೀರಿನ ಬಣ್ಣ, ರುಚಿ ನೋಡಿ ತೀರ್ಮಾನಿಸುವಂತಿಲ್ಲ.

ಇಂಥ ಹೊಲದ ವಿಚಾರ ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆ ಒಂದೇ: ಆರ್ಸೆನಿಕ್ ಹೀರುವ ಗಿಡ ಇದೆಯಂತೆ, ನೆಟ್ಟರೆ ಎಷ್ಟು ವರ್ಷಕ್ಕೆ ಮಣ್ಣು ಸರಿಹೋಗುತ್ತದೆ? ಗಿಡ ಇರುವುದು ನಿಜ. ವರ್ಷ ಎಷ್ಟೆಂಬುದನ್ನು ಒಂದು ಮಾದರಿ ಹೊಲ ಇಟ್ಟುಕೊಂಡು ಲೆಕ್ಕ ಹಾಕಿ ತೋರಿಸುವುದೇ ಈ ಬರಹದ ಕೆಲಸ. ಹೊಲದ ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ಯಾವುದೋ ಒಬ್ಬರ ಜಮೀನಿನವಲ್ಲ. ನಿಮ್ಮ ಹೊಲದ ಪರೀಕ್ಷಾ ವರದಿಯ ಅಂಕಿ ಹಾಕಿದರೆ ಲೆಕ್ಕ ನಿಮ್ಮದಾಗುತ್ತದೆ.

ಹೊಲ

ಹಳ್ಳದ ದಂಡೆಯ ಒಂದು ಎಕರೆ ಎರೆ ಭೂಮಿ. ಮೇಲ್ಗಡೆ ಹಳೆಯ ಗಣಿ ರಾಡಿಯ ದಿಬ್ಬ. ಮಳೆಗಾಲದಲ್ಲಿ ದಿಬ್ಬದಿಂದ ಕೊಚ್ಚಿ ಬಂದ ಹೂಳು ಹಳ್ಳದ ಪಕ್ಕದ ಐದು ಗುಂಟೆಯಲ್ಲಿ ಕೂರುತ್ತದೆ. ಹೊಲದಲ್ಲೊಂದು ಬೋರ್‌ವೆಲ್ ಇದೆ. ಅದರ ನೀರಿನಲ್ಲಿ ಲೀಟರಿಗೆ 60 ಮೈಕ್ರೋಗ್ರಾಂ ಆರ್ಸೆನಿಕ್. ಕುಡಿಯುವ ನೀರಿಗೆ ಮಿತಿ 10.

ಮೊದಲು ಮಣ್ಣಿನ ಮಾದರಿ ತೆಗೆಯಬೇಕು, ಇಲ್ಲಿಯೇ ಅರ್ಧ ಕೆಲಸ ಕೆಡುವುದು. ಗೊಬ್ಬರದ ಶಿಫಾರಸಿಗಾಗಿ ಮಾಡುವಂತೆ ಎಕರೆಗೆಲ್ಲ ಸೇರಿಸಿ ಒಂದೇ ಮಾದರಿ ಕಳಿಸಿದರೆ ಹೂಳು ಕೂತ ಜಾಗ ಮತ್ತು ಉಳಿದ ಜಾಗ ಬೆರೆತು ಸರಾಸರಿಯೊಂದು ಬರುತ್ತದೆ. ಅದು ಹೊಲದ ಯಾವ ಮೂಲೆಗೂ ಹೊಂದುವುದಿಲ್ಲ. ಹಳ್ಳದ ಪಟ್ಟಿಯನ್ನು ಬೇರೆ, ಮೇಲಿನ ಭಾಗವನ್ನು ಬೇರೆ ಮಾಡಿ, ಪ್ರತಿ ಭಾಗದಿಂದ ಐದಾರು ಮಿಶ್ರ ಮಾದರಿ ತೆಗೆಯಬೇಕು. 0–15 ಸೆಂ.ಮೀ. ಒಂದು, 15–30 ಸೆಂ.ಮೀ. ಇನ್ನೊಂದು. ಜೊತೆಗೆ ಒಂದೆರಡು ಕಡೆ 60ರಿಂದ 90 ಸೆಂ.ಮೀ. ಆಳದ ಮಣ್ಣೂ ಬೇಕು. ಎರೆ ಭೂಮಿ ಬೇಸಗೆಯಲ್ಲಿ ಬಿರಿಯುತ್ತದಲ್ಲ, ಮೇಲಿನ ಹೂಳು ಆ ಬಿರುಕಿನೊಳಗೆ ಉದುರಿ ಎಷ್ಟೋ ಕೆಳಗೆ ಹೋಗಿರುತ್ತದೆ. ಮಸಾರಿ ಮಣ್ಣಿಗೆ ಇಲ್ಲದ ತೊಡಕಿದು. ಜರಿಗಿಡದ ಬೇರು ಬಹುಪಾಲು ಮೇಲಿನ ಒಂದು ಅಡಿಯಲ್ಲೇ ಇರುವುದರಿಂದ ಬಿರುಕಿನಲ್ಲಿ ಇಳಿದದ್ದು ಅದರ ಕೈಗೆ ಸಿಗುವುದಿಲ್ಲ.

ನಮ್ಮ ಮಾದರಿ ಹೊಲದಲ್ಲಿ ಹಳ್ಳದ ಐದು ಗುಂಟೆಯ ಮೇಲ್ಮಣ್ಣಿನಲ್ಲಿ ಕಿಲೋಗೆ 110 ಮಿಲಿಗ್ರಾಂ, ಉಳಿದ 35 ಗುಂಟೆಯಲ್ಲಿ 28 ಮಿಲಿಗ್ರಾಂ ಬಂದಿದೆ ಎನ್ನೋಣ. ಗುರಿ 20 ಮಿಲಿಗ್ರಾಂ.

ಪ್ರಯೋಗಾಲಯಕ್ಕೆ ಒಟ್ಟು ಆರ್ಸೆನಿಕ್ ಒಂದನ್ನೇ ಕೇಳಿ ಸುಮ್ಮನಾಗಬಾರದು. ಗಿಡಕ್ಕೆ ಸಿಗುವ ಆರ್ಸೆನಿಕ್ ಎಷ್ಟು ಎಂದೂ ಕೇಳಬೇಕು. ಅಮೋನಿಯಂ ಫಾಸ್ಫೇಟ್‌ನಂಥ ಸೌಮ್ಯ ದ್ರಾವಣದಲ್ಲಿ ಮಣ್ಣನ್ನು ಅಲುಗಿಸಿ, ಅದಕ್ಕೆ ಬಿಟ್ಟುಕೊಟ್ಟದ್ದನ್ನು ಅಳೆಯುತ್ತಾರೆ. ಒಡೆಯದೆ ಉಳಿದ ಖನಿಜದ ಕಣದೊಳಗಿನ ಆರ್ಸೆನಿಕ್ ಒಟ್ಟು ಲೆಕ್ಕದಲ್ಲಿ ಸೇರುತ್ತದೆ, ಬೇರಿಗೆ ಸಿಗುವುದಿಲ್ಲ. ಕಬ್ಬಿಣದ ಆಕ್ಸೈಡ್‌ಗೆ ಅಂಟಿದ್ದು ನಿಧಾನವಾಗಿ ಬಿಡುತ್ತದೆ. ಸುಲಭವಾಗಿ ಸಿಗುವ ಪಾಲು ಚಿಕ್ಕದು. ನಮ್ಮ ಹೊಲದಲ್ಲಿ ಅದು ಶೇ. 5 ಎಂದಿಟ್ಟುಕೊಳ್ಳೋಣ. ಈ ಶೇ. 5 ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಗಿಡ

ಹೆಸರು ಟೆರಿಸ್ ವಿಟ್ಟಾಟಾ. ಹೂ ಬಿಡದ, ಬೀಜ ಕಟ್ಟದ ಜರಿಗಿಡ. ಹಳೆಯ ಬಾವಿಯ ಒಳಗೋಡೆ, ಗಾರೆ ಗೋಡೆಯ ಬಿರುಕುಗಳಲ್ಲಿ ತಾನಾಗಿ ಬೆಳೆಯುತ್ತದೆ, ಸುಣ್ಣವೆಂದರೆ ಅದಕ್ಕೆ ಇಷ್ಟ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಲೀನಾ ಮಾ ಮತ್ತು ಸಂಗಡಿಗರು 2001ರಲ್ಲಿ ಇದರ ಗುಣವನ್ನು ಪ್ರಕಟಿಸಿದರು. ಮರಕ್ಕೆ ಹುಳು ಹಿಡಿಯದಂತೆ ಆರ್ಸೆನಿಕ್ ಔಷಧ ಉಣಿಸುತ್ತಿದ್ದ ಜಾಗವೊಂದರಲ್ಲಿ, ಮಣ್ಣಿನಲ್ಲಿ ಕಿಲೋಗೆ 39 ಮಿಲಿಗ್ರಾಂ ಇದ್ದಾಗಲೂ ಈ ಗಿಡದ ಒಣ ಎಲೆಯಲ್ಲಿ ಸಾವಿರದ ಲೆಕ್ಕದಲ್ಲಿ ಮಿಲಿಗ್ರಾಂ ಸಿಕ್ಕಿತ್ತು. ಸಾಮಾನ್ಯ ಬೆಳೆಯ ಎಲೆಯಲ್ಲಿ ಅದರ ನೂರನೇ ಒಂದು ಪಾಲೂ ಇರುವುದಿಲ್ಲ.

ಗಿಡ ಹೀಗೆ ಮಾಡುವುದು ಏಕೆ ಎಂದು ತಿಳಿದಿದ್ದರೆ ಗೊಬ್ಬರದ ವಿಷಯದಲ್ಲಿ ಎಡವುವುದಿಲ್ಲ. ಆರ್ಸೆನೇಟ್ ಮತ್ತು ಫಾಸ್ಫೇಟ್ ರೂಪದಲ್ಲಿ ಒಂದನ್ನೊಂದು ಹೋಲುತ್ತವೆ. ಬೇರು ಫಾಸ್ಫೇಟ್ ಎಳೆದುಕೊಳ್ಳುವ ಬಾಗಿಲಿನಿಂದಲೇ ಆರ್ಸೆನೇಟ್ ಒಳಹೋಗುತ್ತದೆ. ಒಳಗೆ ಅದು ಆರ್ಸೆನೈಟ್ ಆಗಿ, ಎಲೆಗೆ ಏರಿ, ಜೀವಕೋಶದ ರಸಕುಹರದೊಳಗೆ ಬೀಗ ಹಾಕಿದಂತೆ ಕೂರುತ್ತದೆ. ಉಳಿದ ಗಿಡಗಳು ಬೇರಿನಲ್ಲೇ ತಡೆಯುವುದನ್ನು ಇದು ಎಲೆಗೆ ಕಳಿಸಿಬಿಡುತ್ತದೆ. ಎಲೆಯನ್ನು ಕೊಯ್ದು ಹೊರಗೆ ಒಯ್ಯಬಹುದು, ಬೇರನ್ನು ಕಿತ್ತು ಒಯ್ಯಲಾಗದು. ಇಡೀ ವಿಧಾನ ನಿಂತಿರುವುದು ಇಷ್ಟರ ಮೇಲೆ.

ಹಾಗಾಗಿ ಡಿಎಪಿ ಹಾಕಿದರೆ ಬಾಗಿಲಲ್ಲಿ ಫಾಸ್ಫೇಟ್‌ನದೇ ನೂಕುನುಗ್ಗಲಾಗುತ್ತದೆ. ಜೊತೆಗೆ ಕರಗಿದ ಫಾಸ್ಫೇಟ್ ಮಣ್ಣಿನ ಕಬ್ಬಿಣದಿಂದ ಆರ್ಸೆನೇಟನ್ನು ಕಿತ್ತು ಕೆಳಕ್ಕೆ ಇಳಿಸುತ್ತದೆ. ನಿಧಾನವಾಗಿ ಕರಗುವ ಶಿಲಾರಂಜಕ ಇದಕ್ಕೆ ಒಗ್ಗುತ್ತದೆ. ಸಾರಜನಕಕ್ಕೆ ಯೂರಿಯಾವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬಹುದು.

ನೆಡುವುದು, ಕೊಯ್ಯುವುದು

ಈ ಗಿಡಕ್ಕೆ ಸುಣ್ಣದ ಮಣ್ಣು ಹಿಡಿಸಿದರೂ ರಾಯಚೂರಿನ ಬಿಸಿಲು ಹಿಡಿಸುವುದಿಲ್ಲ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು, ಒಣ ಗಾಳಿ. ತೇವವಿಲ್ಲದೆ ನೆರಳಿಲ್ಲದೆ ಎಲೆಯ ಅಂಚು ಸುಟ್ಟು ಗಿಡ ಮುದುಡುತ್ತದೆ. ಶೇ. 50ರ ನೆರಳು ಪರದೆ ಮತ್ತು ಹನಿ ನೀರಾವರಿ ಇಲ್ಲದೆ ಇಲ್ಲಿ ಕೈ ಹಾಕುವುದು ದುಡ್ಡು ಹಾಳು ಮಾಡಿದಂತೆ.

ಸಸಿಯೂ ಸುಲಭಕ್ಕೆ ಸಿಗದು. ಎಲೆಯ ಅಂಚಿನಡಿಯ ಕಂದು ಪುಡಿ, ಅಂದರೆ ಬೀಜಕಣ, ಸೋಸಿದ ತೇವದ ಮಣ್ಣಿನ ಮೇಲೆ ಉದುರಿಸಿ, ಮೇಲೆ ಪಾಲಿಥಿನ್ ಹೊದಿಸಿ ನೆರಳಲ್ಲಿ ಇಡಬೇಕು. ಮೊದಲು ಹಸಿರು ಪಾಚಿಯಂಥದ್ದು ಮೂಡುತ್ತದೆ, ಆಮೇಲೆ ಅದರಿಂದ ಪುಟ್ಟ ಜರಿ ಏಳುತ್ತದೆ. ನಾಟಿಗೆ ಬರಲು ತಿಂಗಳುಗಟ್ಟಲೆ ಕಾಯಬೇಕು. ಒಂದು ಅಡಿಗೆ ಒಂದರಂತೆ, 30 ಸೆಂ.ಮೀ. ಅಂತರದಲ್ಲಿ ನೆಟ್ಟರೆ ಐದು ಗುಂಟೆಗೆ ಸುಮಾರು 5,600 ಸಸಿ. ಇಡೀ ಎಕರೆಗೆ 45,000. ಸಸಿಗೆ ಹತ್ತು ರೂಪಾಯಿ ಹಿಡಿದರೂ ಎಕರೆಗೆ ನಾಲ್ಕೂವರೆ ಲಕ್ಷ, ಅದೂ ಪರದೆ ಮತ್ತು ಪೈಪಿನ ಖರ್ಚು ಬಿಟ್ಟು. ನಾಟಿ ಮಾಡುವುದು ಮುಂಗಾರು ಹಿಡಿದ ಮೇಲೆ.

ಕೊಯ್ಲಿನಲ್ಲಿ ಆಗುವ ತಪ್ಪು, ಎಲೆ ಹಣ್ಣಾಗಿ ಒಣಗುವವರೆಗೆ ಬಿಡುವುದು. ಒಣಗಿದ ಎಲೆಯ ಮೇಲೆ ಮಳೆ ಬಿದ್ದರೆ ಅದರಲ್ಲಿನ ಆರ್ಸೆನಿಕ್ ಬೇಗನೆ ತೊಳೆದು ಮಣ್ಣಿಗೆ ಮರಳುತ್ತದೆ. ವರ್ಷಪೂರ್ತಿ ಸಾಕಿದ್ದು ಒಂದು ರಾತ್ರಿಯ ಮಳೆಗೆ ಹೋಗಬಹುದು. ಎಲೆ ಬಲಿತು ಇನ್ನೂ ಹಸಿರಾಗಿರುವಾಗಲೇ, ಬುಡದ ಸುರುಳಿ ಚಿಗುರಿಗೆ ಪೆಟ್ಟಾಗದಂತೆ ನೆಲದಿಂದ 10–15 ಸೆಂ.ಮೀ. ಮೇಲೆ ಕತ್ತರಿಸಬೇಕು. ಕೈಗವಸು, ಮೂಗಿಗೆ ಬಟ್ಟೆ ಬೇಕು. ಒಣಗಿಸುವುದು ಸೂರಿನಡಿ, ತಾಡಪತ್ರಿಯ ಮೇಲೆ, ಬಯಲಿನಲ್ಲಲ್ಲ.

ಲೆಕ್ಕ

ಮೇಲಿನ 15 ಸೆಂ.ಮೀ. ಮಣ್ಣಿನ ತೂಕ ಹೊಲದ ವಿಸ್ತೀರ್ಣಕ್ಕೆ ಆಳ, ಸಾಂದ್ರತೆ ಗುಣಿಸಿದರೆ ಸಿಗುತ್ತದೆ. ಸಾಂದ್ರತೆ 1.3 ಎಂದು ಹಿಡಿದರೆ ಐದು ಗುಂಟೆಗೆ ಸುಮಾರು 100 ಟನ್, 35 ಗುಂಟೆಗೆ ಸುಮಾರು 690 ಟನ್.

ಹಳ್ಳದ ಪಟ್ಟಿಯಲ್ಲಿ 110ರಿಂದ 20ಕ್ಕೆ ಇಳಿಯಬೇಕು, ಅಂದರೆ ಕಿಲೋಗೆ 90 ಮಿಲಿಗ್ರಾಂ ತೆಗೆಯಬೇಕು. 100 ಟನ್ನಿಗೆ 9 ಕಿಲೋ ಆರ್ಸೆನಿಕ್. ಗಿಡ ಚೆನ್ನಾಗಿ ಬಂದು ಹೆಕ್ಟೇರಿಗೆ ವರ್ಷಕ್ಕೆ 2 ಟನ್ ಒಣ ಎಲೆ ಸಿಕ್ಕಿತು ಎನ್ನಿ, ಐದು ಗುಂಟೆಗೆ 100 ಕಿಲೋ. ಎಲೆಯಲ್ಲಿ ಕಿಲೋಗೆ 1,000 ಮಿಲಿಗ್ರಾಂ ಇದ್ದರೆ ವರ್ಷಕ್ಕೆ ಹೊರಬರುವುದು 100 ಗ್ರಾಂ. ಒಂಬತ್ತು ಕಿಲೋಗೆ 90 ವರ್ಷ. ಎಲೆಯಲ್ಲಿ 3,000 ಇದ್ದರೂ 30 ವರ್ಷ.

ಉಳಿದ 35 ಗುಂಟೆಯಲ್ಲಿ 28ರಿಂದ 20ಕ್ಕೆ ಇಳಿಸಲು ಸುಮಾರು 5.5 ಕಿಲೋ ತೆಗೆಯಬೇಕು. ಅಲ್ಲಿ ಎಲೆ ಸುಮಾರು 700 ಕಿಲೋ. ಮಣ್ಣಿನಲ್ಲಿ ಕಡಿಮೆ ಇದ್ದಾಗ ಎಲೆಯಲ್ಲೂ ಕಡಿಮೆ ಇರುತ್ತದೆ. ಕಿಲೋಗೆ 300 ಮಿಲಿಗ್ರಾಂ ಎಂದರೆ ವರ್ಷಕ್ಕೆ 210 ಗ್ರಾಂ, 26 ವರ್ಷ. ಅದೃಷ್ಟ ಒಲಿದು 1,000 ಸಿಕ್ಕಿದರೆ 8 ವರ್ಷ. ಅಷ್ಟೂ ವರ್ಷ ಆ ನೆಲದಲ್ಲಿ ಹತ್ತಿಯಿಲ್ಲ, ತೊಗರಿಯಿಲ್ಲ, ಮನೆಗೆ ಜೋಳವಿಲ್ಲ.

ಇದೂ ಉದಾರ ಲೆಕ್ಕವೇ. ಮೊದಲ ವರ್ಷದ ಎಲೆಯಲ್ಲಿ ಇದ್ದಷ್ಟು ಆರ್ಸೆನಿಕ್ ಪ್ರತಿವರ್ಷವೂ ಬರುತ್ತದೆ ಎಂದು ನಂಬಿ ಮಾಡಿದ್ದು. ಗಿಡ ಮೊದಲು ಹೀರುವುದು ಸುಲಭದ ಶೇ. 5ನ್ನು. ಅದು ಮುಗಿಯುತ್ತ ಬಂದಂತೆ ಕಬ್ಬಿಣದ ಆಕ್ಸೈಡ್‌ನಿಂದ ನಿಧಾನವಾಗಿ ಬಿಡುಗಡೆಯಾದಷ್ಟೇ ಸಿಗುತ್ತದೆ, ವರ್ಷದಿಂದ ವರ್ಷಕ್ಕೆ ಕೊಯ್ಲಿನ ಆರ್ಸೆನಿಕ್ ಇಳಿಯುತ್ತದೆ.

ಬೋರ್‌ವೆಲ್ ನೀರನ್ನೂ ಲೆಕ್ಕಕ್ಕೆ ಸೇರಿಸಿದರೆ ಇನ್ನೊಂದು ವಿಷಯ ಹೊರಬೀಳುತ್ತದೆ. ಆ 35 ಗುಂಟೆಗೆ ಭತ್ತ ಹಾಕಿ ಒಂದು ಬೆಳೆಗೆ 1,200 ಮಿ.ಮೀ. ನೀರು ಕಟ್ಟಿದರೆ ಸುಮಾರು 42.5 ಲಕ್ಷ ಲೀಟರ್. ಲೀಟರಿಗೆ 60 ಮೈಕ್ರೋಗ್ರಾಂ ಎಂದರೆ 255 ಗ್ರಾಂ ಆರ್ಸೆನಿಕ್ ಹೊಲಕ್ಕೆ ಬಂದು ಬೀಳುತ್ತದೆ. ಜರಿಗಿಡ ವರ್ಷಕ್ಕೆ ತೆಗೆಯುವ 210 ಗ್ರಾಂಗಿಂತ ಹೆಚ್ಚು! ಗಿಡ ನೆಡುವ ಮೊದಲು ನೀರು ಬದಲಾಗಬೇಕು, ದಿಬ್ಬದಿಂದ ಬರುವ ಹೂಳು ನಿಲ್ಲಬೇಕು. ಇವೆರಡೂ ಆಗದೆ ನೆಟ್ಟ ಗಿಡ ಲೆಕ್ಕಕ್ಕೆ ಬರುವುದಿಲ್ಲ.

ಕೆಲಸ ಆಗುತ್ತಿದೆಯೋ ಇಲ್ಲವೋ ತಿಳಿಯುವುದು

ಒಂದು ವರ್ಷ ಗಿಡ ಬೆಳೆಸಿ ಮಣ್ಣಿನ ಪರೀಕ್ಷೆ ಮಾಡಿಸಿ, 28 ಇದ್ದದ್ದು 24ಕ್ಕೆ ಇಳಿಯಿತು ಎಂದು ಯಾರಾದರೂ ಹೇಳಿದರೆ ತಕ್ಷಣ ಗುಣಾಕಾರ ಮಾಡಿ ನೋಡಬೇಕು. ಕಿಲೋಗೆ 4 ಮಿಲಿಗ್ರಾಂ ಇಳಿದರೆ 690 ಟನ್ನಿಗೆ 2.76 ಕಿಲೋ. ಕೊಯ್ದ ಎಲೆಯ ತೂಕಕ್ಕೆ ಅದರಲ್ಲಿನ ಆರ್ಸೆನಿಕ್ ಗುಣಿಸಿದರೆ ಸಿಗುವುದು 210 ಗ್ರಾಂ. ಉಳಿದ ಎರಡೂವರೆ ಕಿಲೋ ಎಲ್ಲಿ ಹೋಯಿತು? ಮಾದರಿ ತೆಗೆದ ಜಾಗ ಬೇರೆಯಾಗಿರಬೇಕು, ಇಲ್ಲವೇ ಆರ್ಸೆನಿಕ್ ನೀರಿನೊಂದಿಗೆ ಕೆಳಗೆ ಇಳಿದಿರಬೇಕು. ಎರಡನೆಯದಾದರೆ ಅದು ಶುದ್ಧೀಕರಣವಲ್ಲ, ಬೋರ್‌ವೆಲ್‌ಗೆ ಸಾಗಣೆ. ಈ ಒಂದು ಹೊಂದಾಣಿಕೆಯನ್ನು ಕೇಳದೆ ಯಾವ ಯಶಸ್ಸಿನ ವರದಿಯನ್ನೂ ಒಪ್ಪಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಅದೇ ಹೊಲದಲ್ಲಿ ಗಿಡ ನೆಡದ ಒಂದು ಪಟ್ಟಿ ಬಿಟ್ಟು, ಅದಕ್ಕೂ ಅಷ್ಟೇ ನೀರು ಕೊಟ್ಟು, ಅಲ್ಲಿಂದಲೂ ಮಾದರಿ ತೆಗೆದರೆ ಅನುಮಾನಕ್ಕೆ ಎಡೆಯಿರುವುದಿಲ್ಲ.

ಎಲೆಯ ಪರೀಕ್ಷೆಯಲ್ಲೂ ಎರಡು ಕಡೆ ಎಚ್ಚರ ಬೇಕು. ಧೂಳು ಕೂತ ಎಲೆಯನ್ನು ತೊಳೆಯದೆ ಕಳಿಸಿದರೆ ಗಿಡ ಹೀರಿದ್ದೆಷ್ಟು, ಗಾಳಿ ತಂದದ್ದೆಷ್ಟು ಗೊತ್ತಾಗದು. ಅದೇ ವರದಿಯಲ್ಲಿ ಕಬ್ಬಿಣದ ಅಂಶ ವಿಪರೀತ ಇದ್ದರೆ ಮಣ್ಣು ಮೆತ್ತಿದೆ ಎಂದರ್ಥ. ಇನ್ನು, ಎಲೆಯನ್ನು ಕುಲುಮೆಯಲ್ಲಿ ಬೂದಿ ಮಾಡಿ ಅಳೆದರೆ ಆರ್ಸೆನಿಕ್ ಆವಿಯಾಗಿ ಹೋಗಿ ಅಂಕಿ ಕಡಿಮೆ ಬರುತ್ತದೆ. 60–65 ಡಿಗ್ರಿಯಲ್ಲಿ ಒಣಗಿಸಿ, ಆಮ್ಲದಲ್ಲಿ ಕರಗಿಸಿ ಅಳೆಯುವಂತೆ ಪ್ರಯೋಗಾಲಯಕ್ಕೆ ಮೊದಲೇ ಹೇಳಬೇಕು.

ಕೊಯ್ದ ಎಲೆ

ನೂರು ಕಿಲೋ ಒಣ ಎಲೆ ಈಗ ಅಪಾಯದ ವಸ್ತು. ದನಕ್ಕೆ ಹಾಕುವಂತಿಲ್ಲ, ತಿಪ್ಪೆಗೆ ಸೇರಿಸುವಂತಿಲ್ಲ. ಒಲೆಗೆ ಹಾಕಿದರೆ ಆರ್ಸೆನಿಕ್ ಹೊಗೆಯಲ್ಲಿ ಹಾರಿ ಅಡುಗೆಮನೆಯಲ್ಲಿ ಇದ್ದವರ ಉಸಿರಿಗೆ ಹೋಗುತ್ತದೆ. ಹೊಲದ ಮೂಲೆಯಲ್ಲಿ ಸುಟ್ಟರೂ ಅದೇ. 2016ರ ಅಪಾಯಕಾರಿ ತ್ಯಾಜ್ಯ ನಿರ್ವಹಣಾ ನಿಯಮಗಳಿವೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆದು ಇಂಥ ತ್ಯಾಜ್ಯದ ಭದ್ರ ಹೂಳುಗುಂಡಿಗೆ ಕಳಿಸಬೇಕು. ನಮ್ಮ ರಾಜ್ಯದಲ್ಲಿ ಅಂಥದ್ದೊಂದು ಬೆಂಗಳೂರಿನ ಹೊರಗೆ ದಾಬಸ್‌ಪೇಟೆ ಕಡೆ ಇದೆ. ಲಿಂಗಸುಗೂರಿನಿಂದ ಅಲ್ಲಿಗೆ ಲಾರಿ ಬಾಡಿಗೆ ಕೊಡುವವರು ಯಾರು ಎಂಬುದು ನಾಟಿಗೂ ಮುಂಚೆ ಕಾಗದದ ಮೇಲೆ ತೀರ್ಮಾನವಾಗಿರಬೇಕು. ಇಲ್ಲದಿದ್ದರೆ ಚೀಲಗಳು ಬಣವೆ ಪಕ್ಕದಲ್ಲಿ ಕೂತು ಮಳೆಗೆ ನೆನೆಯುತ್ತವೆ.

ಈ ಹೊಲಕ್ಕೆ ಏನು ಮಾಡಬಹುದು

ಹಳ್ಳದ ಐದು ಗುಂಟೆಗೆ ಜರಿಗಿಡ ಬೇಡ. ಅಲ್ಲಿ ಬೇಕಾಗಿರುವುದು ಹೀರುವ ಗಿಡವಲ್ಲ, ಹಿಡಿದಿಡುವ ಗಿಡ. ದಿಬ್ಬದ ಕೆಳಗೆ ಒಡ್ಡು ಹಾಕಿ ಹೂಳನ್ನು ತಡೆಯಬೇಕು. ಒಡ್ಡಿನ ಉದ್ದಕ್ಕೂ, ಇಳಿಜಾರಿಗೆ ಅಡ್ಡವಾಗಿ ಲಾವಂಚದ ಸಾಲು, ಸಸಿಯಿಂದ ಸಸಿಗೆ 15 ಸೆಂ.ಮೀ. ಬಿಟ್ಟು ನೆಡಬೇಕು. ಲಾವಂಚ ಆರ್ಸೆನಿಕ್ಕನ್ನು ಹೆಚ್ಚಾಗಿ ಬೇರಿನಲ್ಲೇ ಉಳಿಸಿಕೊಳ್ಳುತ್ತದೆ, ಎಲೆಗೆ ಕಡಿಮೆ ಕಳಿಸುತ್ತದೆ. ಇಲ್ಲಿ ಅದೇ ಅನುಕೂಲ. ರಾಡಿಯಲ್ಲಿ ಸಾವಯವ ಅಂಶ ಇರುವುದಿಲ್ಲವಾದ್ದರಿಂದ ಗುಂಡಿಗೆ ಕೊಟ್ಟಿಗೆ ಗೊಬ್ಬರ ಹಾಕಿ, ಮೊದಲ ವರ್ಷದ ಬೇಸಗೆಯಲ್ಲಿ ನೀರುಣಿಸಬೇಕು. ಎಳೆ ಎಲೆಗೆ ಆಡು ಬಾಯಿ ಹಾಕುತ್ತವೆ, ಬೇಲಿ ಬೇಕೇ ಬೇಕು. ಬಳ್ಳಾರಿ ಜಾಲಿ ಇಂಥ ಕಡೆ ತಾನಾಗಿ ಬರುತ್ತದೆ, ಧೂಳನ್ನೂ ತಡೆಯುತ್ತದೆ. ಆದರೆ ಅದರ ಕಾಯಿಯನ್ನು ಆಡು ಮೇಯುತ್ತವೆ, ಕಟ್ಟಿಗೆ ಒಲೆಗೆ ಹೋಗುತ್ತದೆ. ಕಾಯಿ ಮತ್ತು ಕಟ್ಟಿಗೆಯನ್ನು ಪರೀಕ್ಷಿಸದೆ ಅದನ್ನು ಈ ಪಟ್ಟಿಯಲ್ಲಿ ನಂಬಬಾರದು.

ಮೇಲಿನ 35 ಗುಂಟೆಯಲ್ಲಿ ಮೊದಲ ಕ್ರಮ ಭತ್ತ ನಿಲ್ಲಿಸುವುದು. ನೀರು ನಿಂತ ಗದ್ದೆಯಲ್ಲಿ ಗಾಳಿಯಾಡದೆ ಕಬ್ಬಿಣದ ಆಕ್ಸೈಡ್ ಕರಗುತ್ತದೆ, ಅದಕ್ಕೆ ಅಂಟಿದ ಆರ್ಸೆನಿಕ್ ಬಿಡುಗಡೆಯಾಗುತ್ತದೆ, ಭತ್ತದ ಬೇರು ಅದನ್ನು ಸಲೀಸಾಗಿ ಎಳೆದುಕೊಳ್ಳುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅಜೈವಿಕ ಆರ್ಸೆನಿಕ್‌ಗೆ ಅಂತಾರಾಷ್ಟ್ರೀಯ ಮಿತಿ ಕಿಲೋಗೆ 0.2 ಮಿಲಿಗ್ರಾಂ. ಅದೇ ಹೊಲದಲ್ಲಿ ಮಳೆಯಾಶ್ರಿತ ತೊಗರಿ, ಜೋಳ, ಹತ್ತಿ ಬೆಳೆದರೆ ಮಣ್ಣಿನಲ್ಲಿ ಗಾಳಿಯಾಡುತ್ತದೆ, ಆರ್ಸೆನಿಕ್ ಅಂಟಿಕೊಂಡೇ ಇರುತ್ತದೆ, ಕಾಳಿಗೆ ಏರುವುದು ತೀರ ಕಡಿಮೆ. ಕಾಲುವೆ ನೀರು ಸಿಗುವ ಕಡೆ ಬೋರ್‌ವೆಲ್ ಬಿಟ್ಟು ಅದಕ್ಕೆ ಬದಲಾಯಿಸಬೇಕು.

ಜರಿಗಿಡಕ್ಕೆ ಇಲ್ಲಿ ಒಂದೇ ಒಂದು ನಿಜವಾದ ಕೆಲಸವಿದೆ. ಮೇಲಿನ ಭಾಗದ 28 ಮಿಲಿಗ್ರಾಂನಲ್ಲಿ ಸುಲಭವಾಗಿ ಸಿಗುವುದು ಶೇ. 5, ಅಂದರೆ ಸುಮಾರು 1.4 ಮಿಲಿಗ್ರಾಂ, 690 ಟನ್ನಿಗೆ ಒಂದು ಕಿಲೋಗೆ ತುಸು ಕಡಿಮೆ. ವರ್ಷಕ್ಕೆ 210 ಗ್ರಾಂನಂತೆ ಕೊಯ್ದರೆ ನಾಲ್ಕೈದು ವರ್ಷದಲ್ಲಿ ಈ ಪಾಲನ್ನು ಬಹುತೇಕ ತೆಗೆಯಬಹುದು. ಒಟ್ಟು ಆರ್ಸೆನಿಕ್ 26, 27ರಲ್ಲೇ ನಿಂತಿರುತ್ತದೆ, ಆದರೆ ಬೆಳೆಗೆ ಸಿಗುವುದು ಇಳಿದಿರುತ್ತದೆ. ತರಕಾರಿ ಬೆಳೆಯುವ ಎರಡು ಮೂರು ಗುಂಟೆಯ ಹಿತ್ತಿಲಿಗೆ ಇದು ಮಾಡತಕ್ಕ ಕೆಲಸ, ನೆರಳು ನೀರು ಒದಗಿಸುವುದೂ ಅಲ್ಲಿ ಸುಲಭ. ಇಡೀ ಎಕರೆಗೆ ಅಲ್ಲ. ಗಿಡ ತೆಗೆದ ಮೇಲೂ ಕಬ್ಬಿಣದಿಂದ ಆರ್ಸೆನಿಕ್ ನಿಧಾನವಾಗಿ ಬಿಡುತ್ತ ಸುಲಭದ ಪಾಲು ಮತ್ತೆ ತುಂಬಿಕೊಳ್ಳುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಸೌಮ್ಯ ದ್ರಾವಣದ ಪರೀಕ್ಷೆ ಮಾಡಿಸುತ್ತಿರಬೇಕು.

ನೀರಿನ ವಿಷಯಕ್ಕೆ ಬಂದರೆ, ಬೇರನ್ನು ನೀರಿನಲ್ಲಿ ಇಳಿಬಿಟ್ಟು ಬೆಳೆಸಿದ ಇದೇ ಜರಿಗಿಡ ಪ್ರಯೋಗಾಲಯದಲ್ಲಿ ಲೀಟರಿಗೆ 200 ಮೈಕ್ರೋಗ್ರಾಂ ಇದ್ದ ನೀರನ್ನು ಒಂದು ದಿನದೊಳಗೆ 10ಕ್ಕಿಂತ ಕೆಳಕ್ಕೆ ಇಳಿಸಿದ್ದುಂಟು. ಮಣ್ಣಿನ ಕಬ್ಬಿಣದೊಂದಿಗೆ ಪೈಪೋಟಿಯಿಲ್ಲದ ಕಾರಣ ನೀರಿನಲ್ಲಿ ಗಿಡ ಚುರುಕಾಗಿ ಕೆಲಸ ಮಾಡುತ್ತದೆ. ಹಾಗೆಂದು ಕುಡಿಯುವ ನೀರನ್ನು ಗಿಡದ ಮೇಲೆ ಬಿಡಬಾರದು. ಮೇ ತಿಂಗಳಲ್ಲಿ ಬೇರು ಬಾಡಿದ ದಿನ ನೀರು ಶುದ್ಧವಾಗದೆ ಹಾಗೇ ಹರಿಯುತ್ತದೆ, ಕೊಡ ಹಿಡಿದು ನಿಂತವರಿಗೆ ಅದು ಕಾಣುವುದಿಲ್ಲ. ಮನೆಗೆ ನದಿ ನೀರಿನ ನಲ್ಲಿ, ಅದಿಲ್ಲದಿದ್ದರೆ ಕಬ್ಬಿಣದ ಆಕ್ಸೈಡ್ ತುಂಬಿದ ಶೋಧಕ ಇರಬೇಕು. ಶೋಧಕದಿಂದ ಹೊರಬರುವ ನೀರಿನ ಆರ್ಸೆನಿಕ್ಕನ್ನು ಮುಂಗಾರಿಗೆ ಮುಂಚೆ ಒಮ್ಮೆ, ಹಿಂಗಾರಿನ ನಂತರ ಒಮ್ಮೆ ಅಳೆಯಿಸಬೇಕು. ಅದೇ ದಿನ ಬೋರ್‌ವೆಲ್ ನೀರನ್ನೂ ಕಳಿಸಿ; ಅದರಲ್ಲಿ 60 ಇದ್ದದ್ದು ಏರುತ್ತಿದ್ದರೆ ಹೊಲಕ್ಕೆ ಕಟ್ಟುವ ನೀರನ್ನು ಆಗಲೇ ನಿಲ್ಲಿಸಬೇಕು.